ಅಸಾಧ್ಯ ಅಂಕಕ್ಕೆ ತಡೆ, ಅನುಮಾನದ ಅಂಕಕ್ಕೆ ಹಳದಿ

ನಾನು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಂಪ್ಯೂಟರ್ ಮುಂದೆ ಸ್ವಲ್ಪ ಹೊತ್ತು ಕೂರುತ್ತಾನೆ ಅಂತ ಗೊತ್ತಾದ ಮೇಷ್ಟ್ರಿಗೆ ಅಂಕಪಟ್ಟಿ ಕೆಲಸ ಬರಲೇಬೇಕು, ಅಲ್ವಾ? ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಅಂಕವಹಿ ಹಾಗೇ ನನ್ನ ಪಾಲಿಗೆ ಬಂತು. 62 ಮಕ್ಕಳು, 6 ವಿಷಯ. ಒಬ್ಬರು ಓದುವುದು, ಇನ್ನೊಬ್ಬರು ಟೈಪ್ ಮಾಡುವುದು ನಮ್ಮಲ್ಲಿ ರೂಢಿ. ಫ್ಯಾನ್ ಸದ್ದಿನಲ್ಲಿ ‘ಅರವತ್ತೈದು’ ಯಾವುದು, ‘ಐವತ್ತಾರು’ ಯಾವುದು ಅಂತ ಕೇಳುವವರಿಗೇ ಗೊತ್ತು.

ತಪ್ಪುಗಳಲ್ಲಿ ಎರಡು ಜಾತಿ. ಒಂದು, ಆಗಲು ಸಾಧ್ಯವೇ ಇಲ್ಲದ ಅಂಕ. 80ಕ್ಕೆ 86, 655, ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ, ಇಂಥವು. ಇನ್ನೊಂದು, ನೋಡಲು ಸರಿಯಾಗೇ ಇರುವ, ಆದರೆ ಆ ಮಗುವಿನದಲ್ಲದ ಅಂಕ. ಮೊದಲನೆಯದನ್ನು ಟೈಪ್ ಮಾಡುವಾಗಲೇ ತಡೆಯಬಹುದು. ಎರಡನೆಯದನ್ನು ತಡೆಯಲು ಆಗುವುದಿಲ್ಲ, ಬಣ್ಣ ಹಚ್ಚಿ ತೋರಿಸಬಹುದು ಅಷ್ಟೇ. ಎಕ್ಸೆಲ್‌ನಲ್ಲಿ ಮೊದಲ ಕೆಲಸಕ್ಕೆ ಡೇಟಾ ವ್ಯಾಲಿಡೇಶನ್ ಇದೆ, ಎರಡನೆಯದಕ್ಕೆ ಕಂಡಿಷನಲ್ ಫಾರ್ಮ್ಯಾಟಿಂಗ್.

ನನ್ನ ಹಾಳೆ ಹೀಗಿದೆ. A ಕಾಲಮ್ಮಿನಲ್ಲಿ ಕ್ರಮಸಂಖ್ಯೆ, B ಯಲ್ಲಿ ಹೆಸರು, C ಯಿಂದ H ವರೆಗೆ ವಿಷಯಗಳು. ಮೂರನೇ ಸಾಲಿನಲ್ಲಿ ಆಯಾ ವಿಷಯದ ಗರಿಷ್ಠ ಅಂಕ: ಪ್ರಥಮ ಭಾಷೆಗೆ 100, ಉಳಿದ ಐದಕ್ಕೆ 80. ನಾಲ್ಕನೇ ಸಾಲು ವಿಷಯ ಶಿಕ್ಷಕರು ಕೈಯಲ್ಲಿ ಕೂಡಿ ಬರೆದುಕೊಡುವ ಒಟ್ಟು ಮೊತ್ತಕ್ಕೆ. ಮಕ್ಕಳು ಐದನೇ ಸಾಲಿನಿಂದ ಶುರು. ಗರಿಷ್ಠ ಅಂಕವನ್ನು ಹಾಳೆಯಲ್ಲೇ ಬರೆದಿಟ್ಟರೆ 100ಕ್ಕೂ 80ಕ್ಕೂ ಒಂದೇ ನಿಯಮ ಸಾಕು.

C5 ರಿಂದ H66 ವರೆಗೆ ಆಯ್ದುಕೊಂಡು, Data ಮೆನುವಿನ Data Validation ತೆರೆದು, Allow ಅನ್ನುವಲ್ಲಿ Custom ಆರಿಸಿ ಇದನ್ನು ಹಾಕಿದೆ:

```
=IF(ISNUMBER(C5),AND(C5>=0,C5<=C$3,C5=INT(C5)),C5="AB")
```

ಸಂಖ್ಯೆಯಾದರೆ ಸೊನ್ನೆಯಿಂದ ಗರಿಷ್ಠದೊಳಗೆ ಇರಬೇಕು, ಪೂರ್ಣಾಂಕವಾಗಿರಬೇಕು. ಸಂಖ್ಯೆ ಅಲ್ಲದಿದ್ದರೆ AB ಮಾತ್ರ, ಅಂದರೆ ಗೈರು. 3ರ ಹಿಂದಿನ ಡಾಲರ್ ಗುರುತಿನಿಂದ ನಿಯಮ ಎಷ್ಟೇ ಕೆಳಗೆ ಇಳಿದರೂ ಗರಿಷ್ಠ ಅಂಕವನ್ನು ಮೂರನೇ ಸಾಲಿನಲ್ಲೇ ಹುಡುಕುತ್ತದೆ.

ಇದನ್ನೇ OR ಮತ್ತು AND ಸೇರಿಸಿ ಬರೆಯಬಹುದಲ್ಲ ಅನ್ನಿಸುತ್ತದೆ. ಆದರೆ ಅಲ್ಲೊಂದು ಕೊಕ್ಕೆ ಇದೆ. AND ತನ್ನೊಳಗಿನ ಎಲ್ಲವನ್ನೂ ಲೆಕ್ಕ ಹಾಕಿಯೇ ಮುಂದೆ ಹೋಗುತ್ತದೆ. AB ಅಂತ ಹೊಡೆದರೆ INT ಅದನ್ನು ಸಂಖ್ಯೆ ಮಾಡಲು ಹೋಗಿ ಎರರ್ ಕೊಡುತ್ತದೆ. ಆ ಎರರ್ ಇಡೀ ಸೂತ್ರಕ್ಕೆ ಹರಡಿ, ಗೈರಾದ ಮಗುವಿಗೆ AB ಹಾಕಲೂ ಬಿಡುವುದಿಲ್ಲ. IF ಹಾಗಲ್ಲ, ಬೇಕಾದ ಕಡೆಯನ್ನಷ್ಟೇ ನೋಡುತ್ತದೆ.

ಆ ಕಿಟಕಿಯಲ್ಲೇ Ignore blank ಅಂತ ಒಂದು ಚೌಕ ಇರುತ್ತದೆ. ಅದರ ಟಿಕ್ ತೆಗೆಯಿರಿ. ಅದಿದ್ದಾಗ ಸೂತ್ರ ನೋಡುವ ಕೋಶ, ಅಂದರೆ ಇಲ್ಲಿ ಗರಿಷ್ಠ ಅಂಕದ ಕೋಶ, ಖಾಲಿಯಾದರೆ ಎಕ್ಸೆಲ್ ಏನನ್ನು ಹೊಡೆದರೂ ಒಪ್ಪಿಕೊಳ್ಳುತ್ತದೆ. ಯಾರೋ ತಿಳಿಯದೆ F3 ಅಳಿಸಿದರೆ ಗಣಿತದ ಕಾಲಮ್ಮಿಗೆ ಕಾವಲೇ ಇರುವುದಿಲ್ಲ. ಇನ್ನೊಂದು ಮಾತು. ಆಯ್ಕೆ ಮಾಡುವಾಗ C5 ರಿಂದಲೇ ಶುರು ಮಾಡಿ ಕೆಳಗೆ ಎಳೆಯಬೇಕು. H66 ರಿಂದ ಮೇಲಕ್ಕೆ ಎಳೆದರೆ ಸೂತ್ರದ C5 ಅನ್ನು H66 ಕ್ಕೆ ಅಂತ ತಿಳಿದು ಎಲ್ಲ ಕೋಶಗಳಲ್ಲೂ ಅಡ್ಡಾದಿಡ್ಡಿ ಆಗುತ್ತದೆ. ಪರೀಕ್ಷೆ ಸುಲಭ: F40 ರ ಮೇಲೆ ನಿಂತು Data Validation ತೆರೆದರೆ ಒಳಗೆ F40 ಮತ್ತು F$3 ಕಾಣಬೇಕು.

ಇಷ್ಟಾದರೂ ಬೇಲಿಯಲ್ಲಿ ಒಂದು ದೊಡ್ಡ ತೂತು ಉಳಿಯಿತು. ವ್ಯಾಲಿಡೇಶನ್ ನೋಡುವುದು ಕೈಯಾರೆ ಟೈಪ್ ಮಾಡಿದ್ದನ್ನು ಮಾತ್ರ. ನಮ್ಮಲ್ಲಿ ಕೆಲವರು ಅಂಕಗಳನ್ನು ತಮ್ಮ ಫೈಲಿನಲ್ಲಿ ತುಂಬಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಅದನ್ನು ಕಾಪಿ ಮಾಡಿ ಪೇಸ್ಟ್ ಹೊಡೆದರೆ ಎಕ್ಸೆಲ್ ಕೇಳುವುದೂ ಇಲ್ಲ, ಅಲ್ಲಿದ್ದ ನಿಯಮವೂ ಅಳಿಸಿಹೋಗುತ್ತದೆ. Paste Special ನಲ್ಲಿ Values ಆರಿಸಿದರೆ ನಿಯಮ ಉಳಿಯುತ್ತದೆ, ಆದರೆ ಬಂದ ಅಂಕ ಸರಿಯೋ ತಪ್ಪೋ ಅಂತ ಆಗಲೂ ನೋಡುವುದಿಲ್ಲ. ಅದಕ್ಕೇ ಅದೇ ನಿಯಮವನ್ನು ತಿರುಗಿಸಿ ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲೂ ಹಾಕಿದೆ. ಮಾಮೂಲಿ ಪೇಸ್ಟ್ ಈ ಬಣ್ಣದ ನಿಯಮವನ್ನೂ ಅಳಿಸುತ್ತದೆ, ಆದರೆ Values ಆಗಿ ಪೇಸ್ಟ್ ಮಾಡಿದ್ದು ತಪ್ಪಿದ್ದರೆ ಕೋಶ ಕೆಂಪಾಗುತ್ತದೆ:

```
=AND(C5<>"",NOT(IF(ISNUMBER(C5),AND(C5>=0,C5<=C$3,C5=INT(C5)),C5="AB")))
```

ಈ ಕೆಂಪಿಗೆ ಹೆಚ್ಚಾಗಿ ಸಿಕ್ಕಿದ್ದು ‘ಪಠ್ಯವಾಗಿ ಕೂತ ಸಂಖ್ಯೆ’. ಬೇರೆ ಕಡೆಯಿಂದ ಬಂದ 65 ಕಣ್ಣಿಗೆ 65 ಇದ್ದಂತೆಯೇ ಇರುತ್ತದೆ. ಎಕ್ಸೆಲ್‌ಗೆ ಅದು ಅಕ್ಷರ. SUM ಅದನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ, ಮಗುವಿನ ಒಟ್ಟು ಅಂಕದಲ್ಲಿ 65 ಮಾಯ. ಪಠ್ಯವಾದರೆ ಎಡಕ್ಕೆ, ಸಂಖ್ಯೆಯಾದರೆ ಬಲಕ್ಕೆ ಕೂರುತ್ತದೆ ಅನ್ನುವ ಗುರುತು ಇದೆ. ಆದರೆ ನಾವೆಲ್ಲ ಚೆಂದ ಕಾಣಲಿ ಅಂತ ಕಾಲಮ್ಮನ್ನು ನಡುವಿಗೆ ತಂದಿರುತ್ತೇವೆ, ಆ ಗುರುತೂ ಹೋಗಿರುತ್ತದೆ.

ಇನ್ನು ಎರಡನೇ ಜಾತಿಯ ತಪ್ಪು. ನಿಜವಾದ ತಲೆನೋವು ಇದೇ. ಒಂದು ಅಂಕ ಅನುಮಾನದ್ದು ಅಂತ ಹೇಳಬೇಕಾದರೆ ಹೋಲಿಸಲು ಏನಾದರೂ ಬೇಕಲ್ಲ. ಮೊದಲನೇ ಪೂರ್ವಸಿದ್ಧತಾ ಪರೀಕ್ಷೆಯ ಹಾಳೆ ಅದೇ ಫೈಲಿನಲ್ಲಿ Pre1 ಅನ್ನುವ ಹೆಸರಿನಲ್ಲಿತ್ತು. ಎರಡೂ ಪರೀಕ್ಷೆಯ ಅಂಕಕ್ಕೆ ಗರಿಷ್ಠದ ಕಾಲು ಭಾಗಕ್ಕಿಂತ ಜಾಸ್ತಿ ಅಂತರ ಬಂದರೆ ಹಳದಿ ಆಗಲಿ ಅಂತ ಇದನ್ನು ಹಾಕಿದೆ:

```
=IF(COUNT(C5,Pre1!C5)=2,ABS(C5-Pre1!C5)>C$3/4,FALSE)
```

COUNT ಎರಡೂ ಕಡೆ ಸಂಖ್ಯೆ ಇದೆಯಾ ಅಂತ ನೋಡುತ್ತದೆ. ಒಂದು ಕಡೆ ಗೈರು ಇದ್ದರೆ ಹೋಲಿಕೆಯೇ ಇಲ್ಲ. 80 ಅಂಕದ ವಿಷಯಕ್ಕೆ ಕಾಲು ಭಾಗ ಅಂದರೆ 20. ಅಂತರವನ್ನು 10 ಕ್ಕೆ ಇಳಿಸಿ ನೋಡಿದಾಗ ಅರ್ಧ ಹಾಳೆ ಹಳದಿಯಾಯಿತು. ಎಲ್ಲವೂ ಹಳದಿಯಾದರೆ ಯಾವುದನ್ನು ನೋಡುವುದು?

ಗಣಿತದ ಅಂಕ ತುಂಬಿದ ಮೇಲೆ ನಮ್ಮ ವಿಜ್ಞಾನ ಮೇಡಂ ತೆರೆ ನೋಡಿ, ‘ಸರ್ರ, ಇಲ್ಲಿ ನೋಡ್ರಿ, ಒಂದೇ ಸಾಲಿಗೆ ಇಷ್ಟು ಹುಡುಗರಿಗೆ ಏನಾಗ್ಯಾದ?’ ಅಂದರು. 32 ರಿಂದ 37 ರವರೆಗೆ ಆರು ಕೋಶ ಒಂದರ ಕೆಳಗೊಂದು ಹಳದಿ. ಆ ಜಾಗದ ಅಂಕಗಳು ಹೀಗಿದ್ದವು. ಮೊದಲಿನದು ಕ್ರಮಸಂಖ್ಯೆ, ನಡುವಿನದು ಹಿಂದಿನ ಪರೀಕ್ಷೆ, ಕೊನೆಯದು ಈಗ ತುಂಬಿದ್ದು:

```
31   34   AB
32   71   38
33   28   68
34   62   33
35   41   66
36   19   40
37   55   25
38   48   58
```

ಕೊನೆಯ ಕಾಲಮ್ಮನ್ನು ಒಂದು ಮನೆ ಮೇಲೆ ಸರಿಸಿ ನೋಡಿ. 34 ರ ಎದುರು 38, 71 ರ ಎದುರು 68, 28 ರ ಎದುರು 33. ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಆದದ್ದು ಇಷ್ಟೇ. ನಮ್ಮಲ್ಲಿ ಗೈರುಪಟ್ಟಿ ನೋಡಿ ಮೊದಲು AB ಗಳನ್ನು ಹಾಕಿಕೊಳ್ಳುತ್ತೇವೆ. ಆಮೇಲೆ ಉತ್ತರ ಪತ್ರಿಕೆಯ ಕಟ್ಟಿನಿಂದ ಅಂಕ ಓದುತ್ತಾ ಹೋಗುತ್ತೇವೆ, ಟೈಪ್ ಮಾಡುವವರು AB ಇದ್ದ ಕೋಶ ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ನಮ್ಮ ಕಡೆ ಒಂದು ತರಗತಿಯಲ್ಲಿ ಇಬ್ಬರು ಮೂವರು ಮಲ್ಲಮ್ಮ, ಶರಣಮ್ಮ ಇರುವುದು ಹೊಸದಲ್ಲ. ನಮ್ಮ ಹಾಜರಿ ಇರುವುದು ದಾಖಲಾತಿ ಕ್ರಮದಲ್ಲಿ, ಹಾಗಾಗಿ ಒಂದೇ ಹೆಸರಿನವರು ದೂರ ದೂರ ಇರುತ್ತಾರೆ. ಗೈರಾಗಿದ್ದು 38 ರ ಮಲ್ಲಮ್ಮ, AB ಬಿದ್ದದ್ದು 31 ರ ಮಲ್ಲಮ್ಮನಿಗೆ. 31 ರ ಅಂಕ 32 ಕ್ಕೆ ಹೋಯಿತು, 32 ರದು 33 ಕ್ಕೆ. ಹೀಗೆ ಸರಿಯುತ್ತಾ 38 ಕ್ಕೆ ಮುಗಿದು, 39 ರಿಂದ ಮತ್ತೆ ಎಲ್ಲ ಸರಿ.

ಈ ತಪ್ಪನ್ನು ಬೇರೆ ಯಾವ ನಿಯಮವೂ ಹಿಡಿಯುತ್ತಿರಲಿಲ್ಲ. ಎಲ್ಲ ಅಂಕಗಳೂ 80 ರ ಒಳಗಿವೆ. ಗೈರಾದವರ ಸಂಖ್ಯೆ ಸರಿ. ಕಾಲಮ್ಮಿನ ಮೊತ್ತವೂ ಕೈಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ, ಯಾಕೆಂದರೆ ಅಂಕಗಳು ಅವೇ, ಮನೆ ಬದಲಾಗಿದೆ ಅಷ್ಟೇ. ಇನ್ನೂ ಒಂದು ನೋಡಿ: 38 ರ ಕೋಶ ಹಳದಿ ಆಗಿರಲಿಲ್ಲ. ಇರಬಾರದ ಅಂಕ ಅಲ್ಲಿತ್ತು, ಆದರೆ ಹಿಂದಿನ 48 ಕ್ಕೂ ಈಗಿನ 58 ಕ್ಕೂ ಅಂತರ ಹತ್ತೇ. ಹಾಗಾಗಿ ಹಳದಿ ಕೋಶವನ್ನಷ್ಟೇ ತಿದ್ದಿ ಬಿಡಬಾರದು. ಸಾಲಾಗಿ ಹಳದಿ ಬಂದರೆ ಅದರ ಮೇಲಿನ ಮತ್ತು ಕೆಳಗಿನ ಎರಡು ಮೂರು ಮಕ್ಕಳ ಪತ್ರಿಕೆಯನ್ನೂ ತೆಗೆಸಿ ನೋಡುತ್ತೇನೆ. ಅಕ್ಕಪಕ್ಕ ಎರಡೇ ಹಳದಿ ಇದ್ದು ಒಂದು ಏರಿ ಒಂದು ಇಳಿದಿದ್ದರೆ ಇಬ್ಬರ ಅಂಕ ಅದಲು ಬದಲಾಗಿದೆ ಅಂತ ಬಹುತೇಕ ಹೇಳಬಹುದು.

ಒಂಟಿ ಹಳದಿ ಕೆಲವೊಮ್ಮೆ ನಿಜವೇ ಆಗಿರುತ್ತದೆ. ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಪರೀಕ್ಷೆ ಹೊತ್ತಿಗೆ ಬಂದ ಹುಡುಗನ ಅಂಕ 52 ರಿಂದ 27 ಕ್ಕೆ ಇಳಿದರೆ ಅದು ಟೈಪಿಂಗ್ ತಪ್ಪಲ್ಲ. ಅಂಥದ್ದನ್ನು ತರಗತಿ ಶಿಕ್ಷಕರಿಗೆ ತೋರಿಸಿ ಹಾಗೇ ಬಿಡುತ್ತೇನೆ.

ಈ ಹೋಲಿಕೆ ನಿಂತಿರುವುದು ಎರಡೂ ಹಾಳೆಯಲ್ಲಿ ಮಕ್ಕಳ ಕ್ರಮ ಒಂದೇ ಇದೆ ಅನ್ನುವುದರ ಮೇಲೆ. ಯಾರಾದರೂ ರ‍್ಯಾಂಕ್ ನೋಡಲು ಒಂದು ಹಾಳೆಯನ್ನಷ್ಟೇ ಸಾರ್ಟ್ ಮಾಡಿದರೆ ಎಲ್ಲ ಕೆಟ್ಟಿತು. ಅದಕ್ಕೆ A ಕಾಲಮ್ಮಿಗೂ ಒಂದು ಕೆಂಪು ನಿಯಮ ಇಟ್ಟಿದ್ದೇನೆ: `=$A5<>Pre1!$A5`. ಬೇರೆ ಹಾಳೆಯನ್ನು ಹೀಗೆ ನೇರವಾಗಿ ಹೋಲಿಸಲು ಎಕ್ಸೆಲ್ 2010 ಅಥವಾ ಅದಕ್ಕಿಂತ ಹೊಸದು ಬೇಕು.

65 ರ ಬದಲು 56 ಬಿದ್ದರೆ ಅಂತರ 9 ಮಾತ್ರ, ಹಳದಿಗೆ ಸಿಗುವುದು ಅಪರೂಪ. ನಾಲ್ಕನೇ ಸಾಲಿನ ಕೈಮೊತ್ತ ಇರುವುದು ಇದಕ್ಕೇ. ಕೆಳಗೆ `=SUM(F5:F66)-F4` ಹಾಕಿದ್ದೇನೆ, ಸೊನ್ನೆ ಬರಬೇಕು. ಬಂದ ವ್ಯತ್ಯಾಸ 9 ರಿಂದ ಸಮವಾಗಿ ಭಾಗವಾದರೆ ಅಂಕಿ ತಿರುವುಮುರುವಾಗಿರುವ ಸಾಧ್ಯತೆ ಜಾಸ್ತಿ, ಯಾಕೆಂದರೆ ಎರಡಂಕಿಯ ಸಂಖ್ಯೆಯನ್ನು ತಿರುಗಿಸಿ ಬರೆದಾಗ ವ್ಯತ್ಯಾಸ ಯಾವಾಗಲೂ 9 ರ ಗುಣಕ. ವ್ಯತ್ಯಾಸ 27 ಇದ್ದರೆ 14–41, 25–52, 36–63 ಥರದವನ್ನು, ಅಂದರೆ ಅಂಕಿಗಳ ನಡುವೆ 3 ಅಂತರ ಇರುವವನ್ನು ಮೊದಲು ಹುಡುಕುತ್ತೇನೆ. ಇಡೀ ಕಟ್ಟು ಬಿಚ್ಚುವ ಕೆಲಸ ತಪ್ಪುತ್ತದೆ.

ಕೊನೆಗೆ C5:H66 ಬಿಟ್ಟು ಉಳಿದದ್ದನ್ನು Protect Sheet ನಿಂದ ಬೀಗ ಹಾಕಿದ್ದೇನೆ, ಗರಿಷ್ಠ ಅಂಕದ ಸಾಲನ್ನು ಯಾರೂ ಮುಟ್ಟದಿರಲಿ ಅಂತ. ಬೀಗ ಹಾಕಿದ್ದರೂ ಅಂಕದ ಕೋಶಗಳಿಗೆ ಪೇಸ್ಟ್ ಮಾಡಬಹುದು. ಹಾಗಾಗಿ ಬೇರೆಯವರ ಫೈಲಿನಿಂದ ಅಂಕ ಬಂದ ದಿನ ಬೀಗ ತೆಗೆದು ಅದೇ ಕಾಲಮ್ಮಿನ ಯಾವುದಾದರೂ ಕೋಶದಲ್ಲಿ 101 ಹೊಡೆದು ನೋಡುತ್ತೇನೆ. ತಡೆದರೆ ನಿಯಮ ಇದೆ. ತಡೆಯದಿದ್ದರೆ ಪಕ್ಕದ ಕಾಲಮ್ಮಿನ ಕೋಶವನ್ನು ಕಾಪಿ ಮಾಡಿ, Paste Special ನಲ್ಲಿ Validation ಆರಿಸಿ ನಿಯಮವನ್ನು ವಾಪಸ್ ಕೂರಿಸುತ್ತೇನೆ, ಬಣ್ಣದ ನಿಯಮಗಳನ್ನೂ ಮತ್ತೆ ಹಾಕುತ್ತೇನೆ.