ಸೈಕಲ್ ಹುಡುಕೋದು ಬಿಟ್ಟು ಅಳಿಸೋಕೆ ಕಲಿಸಿದೆ: ಡೆಡ್‌ಲಾಕ್ ಪ್ರಶ್ನೆಗಳಲ್ಲಿ ನನ್ನ ಅನುಭವ

ರಿಸೋರ್ಸ್ ಗ್ರಾಫ್‌ನಲ್ಲಿ ಸೈಕಲ್ ಕಂಡ ತಕ್ಷಣ "ಡೆಡ್‌ಲಾಕ್" ಅಂತ ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋಗುವ ಅಭ್ಯಾಸ ಗೇಟ್ ಬರೆಯುವ ಹುಡುಗರಲ್ಲಿ ಎಷ್ಟು ಗಟ್ಟಿ ಅನ್ನೋದು ಪಾಠ ಮಾಡುವವರಿಗೆಲ್ಲ ಗೊತ್ತು. ಅದನ್ನು ಬಿಡಿಸೋಕೆ ನನಗೆ ಮೂರ್ನಾಲ್ಕು ಬ್ಯಾಚ್ ಬೇಕಾಯಿತು. ಈಗ ಬಿಟ್ಟಿದೆ. ಈ ಸಲ ಸಂಜೆ ಬ್ಯಾಚ್‌ನ ಸುಮಾರು ನಲವತ್ತು ಜನರಲ್ಲಿ ಮೂವತ್ತೈದರ ಹತ್ತಿರ ಜನ ಇಂಥ ಪ್ರಶ್ನೆಗಳನ್ನು ಸರಿಯಾಗಿ ಬಿಡಿಸಿದರು. ಮೊದಲೆಲ್ಲ ಹತ್ತು ಹನ್ನೆರಡು ದಾಟುತ್ತಿರಲಿಲ್ಲ. ಗ್ರಾಫನ್ನು ಪಟ್ಟಿ ಮಾಡಿ ಸಾಲು ಸಾಲಾಗಿ ಅಳಿಸುವುದು ನನ್ನ ದಾರಿ. "ಈ ದಾರಿ ಪರೀಕ್ಷೆಯಲ್ಲಿ ನಡೆಯಲ್ಲ, ಟೈಮ್ ಸಾಲಲ್ಲ ಸರ್" ಅಂದವರು ನಮ್ಮೂರಲ್ಲೇ ಇದ್ದಾರೆ. ಅವರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಒಬ್ಬರ ಹತ್ತಿರ ಅನಿಮೇಶನ್ ಮಾಡಿಸಿದೆ. ಬಾಣಗಳು ಓಡಾಡುತ್ತವೆ, ಡಾಟ್‌ಗಳು ಬಣ್ಣ ಬದಲಾಯಿಸುತ್ತವೆ, ನೋಡೋಕೆ ಚೆಂದ. ಹತ್ತು ಹನ್ನೆರಡು ಸಾವಿರ ಖರ್ಚಾಯಿತು. ಹುಡುಗರು ಆ ಚಿತ್ರವನ್ನೇ ಬಾಯಿಪಾಠ ಮಾಡಿದರು. ಅದೇ ಗ್ರಾಫನ್ನು ತಲೆಕೆಳಗೆ ಬರೆದು ಕೊಟ್ಟರೆ ಮತ್ತೆ ಸೈಕಲ್ ಹುಡುಕಿ "ಡೆಡ್‌ಲಾಕ್" ಅಂದರು.

ಆಮೇಲೆ ಸೂತ್ರ ಹೇಳಿಕೊಟ್ಟೆ. ಎಲ್ಲ ರಿಸೋರ್ಸ್‌ಗೂ ಒಂದೊಂದೇ ಯೂನಿಟ್ ಇದ್ದರೆ ಸೈಕಲ್ ಅಂದರೆ ಡೆಡ್‌ಲಾಕ್. ಜಾಸ್ತಿ ಯೂನಿಟ್ ಇದ್ದರೆ ಆಗಿರಬಹುದು, ಆಗದೇ ಇರಬಹುದು. ಮಾತು ನೂರಕ್ಕೆ ನೂರು ಸರಿ. ಆದರೆ "ಇರಬಹುದು" ಅಂತ ಬಿಟ್ಟರೆ ಪರೀಕ್ಷೆಯಲ್ಲಿ ಕೂತವನು ಏನು ಮಾಡಬೇಕು? ಅವನಿಗೆ ಹೌದು ಅಥವಾ ಇಲ್ಲ ಬೇಕು. ದಾರಿ ಕಾಣದಿದ್ದಾಗ ಹಳೇ ಅಭ್ಯಾಸಕ್ಕೇ ಹೋಗುತ್ತಾನೆ.

ಈ ಅಭ್ಯಾಸ ಎಲ್ಲಿಂದ ಬರುತ್ತೆ ಅಂತ ಕೂತು ನೋಡಿದಾಗ ದಾರಿ ಸಿಕ್ಕಿತು. ನಾವು ಡೆಡ್‌ಲಾಕ್ ಪಾಠ ಶುರು ಮಾಡೋದೇ ಎರಡು ಮ್ಯೂಟೆಕ್ಸ್ ಇಟ್ಟುಕೊಂಡು. ಒಂದು ಇವನ ಕೈಲಿ, ಇನ್ನೊಂದು ಅವನ ಕೈಲಿ. ಕಾಯುವವನು ಒಬ್ಬನೇ ಒಬ್ಬನಿಗಾಗಿ ಕಾಯುತ್ತಾನೆ, ಹಾಗಾಗಿ ಸೈಕಲ್ ಬಂದರೆ ಕಥೆ ಮುಗಿಯಿತು. ಡೇಟಾಬೇಸ್ ಲಾಕ್‌ಗಳಲ್ಲೂ ಕಾಯುವ ಟ್ರಾನ್ಸಾಕ್ಷನ್‌ಗೆ ದಾರಿಯಲ್ಲಿರುವವರೆಲ್ಲ ಬಿಟ್ಟರೆ ಮಾತ್ರ ಕೆಲಸ ಆಗುತ್ತೆ. ಅದಕ್ಕೇ ಅಲ್ಲೂ ಸೈಕಲ್ ಹಿಡಿದರೆ ಸಾಕು. ಆದರೆ ಒಂದೇ ರಿಸೋರ್ಸ್‌ನ ಎರಡು ಯೂನಿಟ್ ಇದ್ದು ನನಗೆ ಒಂದು ಸಾಕು ಅಂದರೆ, ಹಿಡಿದವರಲ್ಲಿ ಯಾರಾದರೊಬ್ಬರು ಬಿಟ್ಟರೂ ನಡೆಯುತ್ತೆ. "ಎಲ್ಲರೂ ಬಿಡಬೇಕು" ಮತ್ತು "ಯಾರಾದರೂ ಬಿಡಲಿ" ಎರಡಕ್ಕೂ ಗ್ರಾಫ್‌ನಲ್ಲಿ ಬಾಣ ಒಂದೇ ಥರ ಕಾಣುತ್ತೆ. ಹುಡುಗರು ಮೋಸ ಹೋಗೋದು ಇಲ್ಲೇ.

ಹಾಗಾಗಿ ಬಾಣ ನೋಡೋದನ್ನೇ ನಿಲ್ಲಿಸಿದೆ. ಗ್ರಾಫ್ ಕೊಟ್ಟ ಕೂಡಲೇ ಅದನ್ನು ಪಟ್ಟಿ ಮಾಡಬೇಕು: ಯಾರು, ಏನು ಹಿಡಿದಿದ್ದಾರೆ, ಇನ್ನೇನು ಬೇಕು. ಪಕ್ಕದಲ್ಲಿ ಖಾಲಿ ಎಷ್ಟಿದೆ. ಆಮೇಲೆ ಗ್ರಾಫ್ ಮೇಲೆ ಕೈ ಅಡ್ಡ ಇಟ್ಟುಕೊಳ್ಳಬೇಕು. ನಾನು ತಮಾಷೆಗೆ ಹೇಳುತ್ತಿಲ್ಲ, ಕ್ಲಾಸಿನಲ್ಲಿ ನಿಜವಾಗಿ ಹಾಗೇ ಮಾಡಿಸುತ್ತೇನೆ.

ಒಂದು ಉದಾಹರಣೆ ಪೂರ್ತಿ ನೋಡೋಣ. `R1`ಗೆ ಎರಡು ಯೂನಿಟ್, `R2`ಗೆ ಎರಡು, `R3`ಗೆ ಒಂದು. ಖಾಲಿ ಯಾವುದೂ ಇಲ್ಲ.

```
     ಹಿಡಿದದ್ದು    ಬೇಕಾದದ್ದು
P1   R1         R2
P2   R2         R1
P3   R1         R3
P4   R2, R3     -
```

ಗ್ರಾಫ್ ಬರೆದರೆ ಸೈಕಲ್ ಎದ್ದು ಕಾಣುತ್ತೆ: `P1 → R2 → P2 → R1 → P1`. ಬ್ಯಾಚ್‌ನ ಮೊದಲ ವಾರ ಇದನ್ನು ಕೊಟ್ಟರೆ ಮುಕ್ಕಾಲು ಪಾಲು ಕೈಗಳು ಡೆಡ್‌ಲಾಕ್‌ಗೇ ಏಳುತ್ತವೆ. ಈಗ ಪಟ್ಟಿ ನೋಡಿ. `P4`ಗೆ ಏನೂ ಬೇಕಿಲ್ಲ. ಅದು ಓಡಿ ಮುಗಿಸುತ್ತೆ, ಸಾಲು ಅಳಿಸಿ. `R2` ಒಂದು, `R3` ಒಂದು ಖಾಲಿ ಆಯಿತು. `P3`ಗೆ `R3` ಸಿಕ್ಕಿತು, ಅದೂ ಮುಗಿಯಿತು, ಅಳಿಸಿ. ಈಗ `R1` ಕೂಡ ಒಂದು ಖಾಲಿ. `P2` ಹೋಯಿತು, `P1` ಹೋಯಿತು. ಪಟ್ಟಿ ಖಾಲಿ ಆದರೆ ಡೆಡ್‌ಲಾಕ್ ಇಲ್ಲ. ಸೈಕಲ್ ಇತ್ತು, ನಿಜ, ಆದರೆ ಅದರ ಹೊರಗಿದ್ದ `P4` ಅದನ್ನು ಬಿಡಿಸಿತು.

ಅಳಿಸುವ ಸರದಿ ಬದಲಾದರೆ ಉತ್ತರ ಬದಲಾಗುತ್ತಾ ಅಂತ ಪ್ರತಿ ಬ್ಯಾಚ್‌ನಲ್ಲೂ ಯಾರಾದರೂ ಕೇಳುತ್ತಾರೆ. ಇಲ್ಲ. ಒಂದು ಸಾಲು ಅಳಿಸಿದರೆ ಖಾಲಿ ಇರುವುದು ಜಾಸ್ತಿ ಆಗುತ್ತೆ, ಕಡಿಮೆ ಆಗಲ್ಲ. ಇವತ್ತು ಅಳಿಸಬಹುದಾದ ಸಾಲನ್ನು ಆಮೇಲೂ ಅಳಿಸಬಹುದು. ಹಾಗಾಗಿ ಕೊನೆಗೆ ಉಳಿಯುವ ಸಾಲುಗಳು ಯಾವಾಗಲೂ ಅವೇ.

ಈಗ ಅದೇ ಪಟ್ಟಿಯಲ್ಲಿ ಒಂದೇ ಒಂದು ಬದಲಾವಣೆ: `P4`ಗೆ `R1` ಬೇಕು ಅನ್ನಿ. ಖಾಲಿ ಯಾವುದೂ ಇಲ್ಲ, ನಾಲ್ಕೂ ಸಾಲಿಗೆ ಏನೋ ಬೇಕು. ಒಂದನ್ನೂ ಅಳಿಸೋಕಾಗಲ್ಲ. ನಾಲ್ಕೂ ಸಿಕ್ಕಿಬಿದ್ದಿವೆ. ಇವೆರಡನ್ನೂ ಪಕ್ಕಪಕ್ಕ ಕೊಡೋದು ಮುಖ್ಯ. ಮೊದಲಿನ ಸೈಕಲ್ ಎರಡರಲ್ಲೂ ಹಾಗೇ ಇದೆ, ಉತ್ತರ ಮಾತ್ರ ಬೇರೆ. ಹೀಗೆ ಜೋಡಿ ಪ್ರಶ್ನೆ ಕೊಟ್ಟ ಮೇಲೆಯೇ ಹುಡುಗರ ಕೈ ಸೈಕಲ್‌ನಿಂದ ಬಿಟ್ಟಿದ್ದು. ಎಷ್ಟು ಜೋಡಿ, ಯಾವ ಕ್ರಮದಲ್ಲಿ ಕೊಡುತ್ತೇನೆ ಅನ್ನೋದು ನನ್ನ ಬ್ಯಾಚ್‌ಗೇ ಇರಲಿ, ಅದನ್ನು ಇಲ್ಲಿ ಬರೆಯಲ್ಲ.

ಅನಿಮೇಶನ್‌ಗೆ ಹೋದ ದುಡ್ಡಿನ ಮುಂದೆ ಈ ದಾರಿಗೆ ಖರ್ಚಾಗಿದ್ದು ಕೇರಂ ಕಾಯಿಯ ಎರಡು ಸೆಟ್, ಮುನ್ನೂರು ರೂಪಾಯಿ ಒಳಗೆ. ಒಂದೊಂದು ಯೂನಿಟ್‌ಗೆ ಒಂದೊಂದು ಕಾಯಿ. ಮುಗಿಸಿದವನು ಕಾಯಿ ಮೇಜಿನ ಮಧ್ಯಕ್ಕೆ ತಳ್ಳಬೇಕು. ಮೊದಲ ದಿನ ಇಷ್ಟೇ ಆಟ, ಎರಡನೇ ದಿನದಿಂದ ಪೆನ್ನು.

ಆದರೂ ಕೆಲವರು ನಂಬಲ್ಲ, ವಿಶೇಷವಾಗಿ ಕೆಲಸದಲ್ಲಿದ್ದುಕೊಂಡು ಓದುವವರು. ಅವರಿಗೆ ಓಡಿಸಿ ತೋರಿಸಿದೆ. ಮೂರು ಸೆಮಫೋರ್, ಶುರುವಿನ ಬೆಲೆ 2, 2, 1. ನಾಲ್ಕು ಥ್ರೆಡ್. `P1`, `P2`, `P3` ತಮ್ಮದನ್ನು ಹಿಡಿದು, ಒಂದು ಸೆಕೆಂಡ್ ಮಲಗಿ, ಆಮೇಲೆ ಬೇಕಾದದ್ದಕ್ಕೆ ಕಾಯುತ್ತವೆ. `P4` ಮಾತ್ರ ಹೀಗೆ:

```c
void *p4(void *x) {
    sem_wait(&r2);
    sem_wait(&r3);
    sleep(5);
    /* sem_wait(&r1); */
    puts("P4");
    sem_post(&r3);
    sem_post(&r2);
    return NULL;
}
```

ಎರಡನೇ ಸೆಕೆಂಡಿನಲ್ಲಿ `gdb` ಹಾಕಿ `thread apply all bt` ಕೊಟ್ಟರೆ ಮೂರು ಥ್ರೆಡ್ `sem_wait` ಒಳಗೆ ನಿಂತಿರುತ್ತವೆ. ಸೈಕಲ್ ಪೂರ್ತಿ ಆಗಿದೆ. ಇಲ್ಲೇ ಕೇಳುತ್ತೇನೆ, "ಡೆಡ್‌ಲಾಕಾ?" ಅಂತ. ಮುಂದಕ್ಕೆ ಬಿಟ್ಟರೆ ಐದು ಸೆಕೆಂಡ್ ಆಗುತ್ತಲೇ `P4` ಅಂತ ಬರುತ್ತೆ, ಹಿಂದೆಯೇ ಉಳಿದ ಮೂರೂ ಬರುತ್ತವೆ. ಆಮೇಲೆ ಆ ಕಾಮೆಂಟ್ ತೆಗೆದು `sem_wait(&r1)` ಓಡುವಂತೆ ಮಾಡಿ (ಕೊನೆಗೆ ಅದಕ್ಕೊಂದು `sem_post` ಸೇರಿಸಿ). ಎಷ್ಟು ಹೊತ್ತು ಕಾದರೂ ಒಂದು ಸಾಲೂ ಬರಲ್ಲ. ಒಂದು ಸಾಲಿನ ವ್ಯತ್ಯಾಸ ಅಷ್ಟೇ. ಇದನ್ನು ನೋಡಿದ ಮೇಲೆ ಯಾರೂ ವಾದ ಮಾಡಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಪಟ್ಟಿ ಬೇಡ, ಗ್ರಾಫ್‌ನಲ್ಲೇ ಕೆಲಸ ಮುಗಿಸೋಣ ಅಂತ ನಾಟ್ ಹುಡುಕೋದನ್ನು ಕಲಿಸಿದೆ. ನಾಟ್ ಅಂದರೆ ಒಳಗೆ ಯಾವ ಬಿಂದುವಿನಿಂದ ಯಾವುದಕ್ಕೆ ಬೇಕಾದರೂ ಹೋಗಬಹುದು, ಹೊರಕ್ಕೆ ಮಾತ್ರ ದಾರಿ ಇಲ್ಲದ ಗುಂಪು. 1972ರಲ್ಲಿ ಹೋಲ್ಟ್ ಬರೆದ ಪ್ರಬಂಧದಿಂದ ಬಂದದ್ದು. ಮೇಲಿನ ಎರಡೂ ಉದಾಹರಣೆಗೆ ಅದು ಸರಿಯಾಗಿ ಕೂರುತ್ತೆ: ಮೊದಲನೆಯದರಲ್ಲಿ `P4` ಕಡೆಗೆ ಹೊರದಾರಿ ಇದೆ, ಎರಡನೆಯದರಲ್ಲಿ ಇಲ್ಲ. ಖುಷಿಯಾಯಿತು. ಆದರೆ ಒಬ್ಬ ಹುಡುಗಿ ಒಂದೇ ವಾರದಲ್ಲಿ ಅದನ್ನು ಮುರಿದಳು. ಅವಳು ತಂದ ಗ್ರಾಫ್ ಇದು: `R1`ಗೆ ಒಂದು ಯೂನಿಟ್, ಅದು `P1` ಹತ್ತಿರ. `R2`ಗೆ ಎರಡು, `P2` ಹತ್ತಿರ ಒಂದು, `P4` ಹತ್ತಿರ ಒಂದು. `P2`ಗೆ `R1` ಬೇಕು. `P1`ಗೆ `R2`ನ ಎರಡೂ ಯೂನಿಟ್ ಬೇಕು. `P4`ಗೆ ಏನೂ ಬೇಡ.

ಇಲ್ಲಿ `P4` ಕಡೆಗೆ ಹೊರದಾರಿ ಇದೆ, ನಾಟ್ ಇಲ್ಲ. ಆದರೆ ಅಳಿಸಿ ನೋಡಿ. `P4` ಹೋದರೆ `R2` ಒಂದು ಖಾಲಿ. `P1`ಗೆ ಎರಡು ಬೇಕು, ಸಾಲಲ್ಲ. `P2`ಗೆ ಬೇಕಾದ `R1`, `P1` ಕೈಲೇ ಇದೆ. ಇಬ್ಬರೂ ಸಿಕ್ಕಿಬಿದ್ದರು. ನಾಟ್ ಇದ್ದರೆ ಡೆಡ್‌ಲಾಕ್ ಇದೆ ಅನ್ನಬಹುದು, ಕೊಡಬಹುದಾದದ್ದನ್ನೆಲ್ಲ ಆಗಲೇ ಕೊಟ್ಟಾಗಿದ್ದರೆ. ನಾಟ್ ಇಲ್ಲದಿದ್ದರೆ ಡೆಡ್‌ಲಾಕ್ ಇಲ್ಲ ಅನ್ನೋದು ಮಾತ್ರ ಪ್ರತಿಯೊಬ್ಬರೂ ಒಂದೊಂದೇ ಯೂನಿಟ್ ಕೇಳುವಾಗ ನಡೆಯುತ್ತೆ. ಅವತ್ತೇ ನಾಟ್ ಬಿಟ್ಟು ಪಟ್ಟಿಗೆ ವಾಪಸ್ ಬಂದೆ. ಆ ಗ್ರಾಫ್ ಈಗ ನನ್ನ ಟೆಸ್ಟ್ ಪೇಪರಿನ ಖಾಯಂ ಪ್ರಶ್ನೆ.

ಟೈಮ್ ವಿಷಯ. ನಾಲ್ಕು ಪ್ರೋಸೆಸ್ ಇರುವ ಗ್ರಾಫ್‌ಗೆ ನನ್ನ ಹುಡುಗರು ಒಂದೂವರೆ ನಿಮಿಷದ ಆಸುಪಾಸು ತೆಗೆದುಕೊಳ್ಳುತ್ತಾರೆ. ಸೈಕಲ್ ನೋಡಿ ಟಿಕ್ ಹಾಕೋಕೆ ಅರ್ಧ ನಿಮಿಷ ಸಾಕು, ಒಪ್ಪಿದೆ. ಆದರೆ ಎರಡು ಅಂಕದ ಬಹು ಆಯ್ಕೆ ಪ್ರಶ್ನೆ ತಪ್ಪಾದರೆ ಗೇಟ್‌ನಲ್ಲಿ ಸುಮಾರು 0.67 ಅಂಕ ಕಳೆಯುತ್ತಾರೆ. ಉಳಿಸಿದ ಒಂದು ನಿಮಿಷ ಅದಕ್ಕೆ ಸಮ ಆಗಲ್ಲ. ಇನ್ನು 2021ರಿಂದ ಬಂದಿರುವ, ಒಂದಕ್ಕಿಂತ ಜಾಸ್ತಿ ಉತ್ತರ ಸರಿ ಇರಬಹುದಾದ ಪ್ರಶ್ನೆಗಳಲ್ಲಿ ಪಟ್ಟಿಯ ಬೆಲೆ ಇನ್ನೂ ಜಾಸ್ತಿ. "ಯಾವ ಪ್ರೋಸೆಸ್‌ಗಳು ಡೆಡ್‌ಲಾಕ್‌ನಲ್ಲಿವೆ" ಅಂತ ಕೇಳಿದರೆ ಅಳಿಸಿ ಉಳಿದವೆಲ್ಲ ಉತ್ತರ. ಆ ಹುಡುಗಿಯ ಗ್ರಾಫ್‌ಗೇ ಒಂದು `P5` ಸೇರಿಸಿ, ಅದಕ್ಕೆ `R1` ಬೇಕು, ಕೈಲಿ ಏನೂ ಇಲ್ಲ ಅನ್ನಿ. ಅದು ಯಾವ ಸೈಕಲ್‌ನಲ್ಲೂ ಇಲ್ಲ, ಆದರೂ ಅದಕ್ಕೆ ಬಿಡುಗಡೆ ಇಲ್ಲ. ಸೈಕಲ್ ಹುಡುಕುವವನು `P5` ಬಿಟ್ಟು ಬರೆಯುತ್ತಾನೆ. ಅಂಥ ಪ್ರಶ್ನೆಯಲ್ಲಿ ಒಂದು ಆಯ್ಕೆ ಬಿಟ್ಟರೂ ಅಂಕ ಸೊನ್ನೆ.

"ಇದು ಬ್ಯಾಂಕರ್ಸ್ ಅಲ್ಗಾರಿದಮ್ಮೇ ಅಲ್ವಾ ಸರ್, ಹೊಸದೇನಿದೆ?" ಅಂದರು ನನಗಿಂತ ಹಿರಿಯ ಮೇಷ್ಟ್ರೊಬ್ಬರು. ನೋಡೋಕೆ ಹಾಗೇ ಇದೆ, ಆದರೆ ಬೇಕಾದದ್ದರ ಕಾಲಂನಲ್ಲಿ ಏನು ಬರೆಯುತ್ತೇವೆ ಅನ್ನೋದು ಬೇರೆ. ಬ್ಯಾಂಕರ್ಸ್‌ನಲ್ಲಿ ಮುಂದೆ ಹೆಚ್ಚೆಂದರೆ ಎಷ್ಟು ಕೇಳಬಹುದು ಅನ್ನೋದನ್ನು ಬರೆಯುತ್ತಾರೆ. ಇಲ್ಲಿ ಈಗ ಏನು ಕೇಳಿ ನಿಂತಿದೆ ಅಷ್ಟೇ. ಒಂದು ರಿಸೋರ್ಸ್‌ಗೆ ಎರಡು ಯೂನಿಟ್, ಇಬ್ಬರ ಹತ್ತಿರ ಒಂದೊಂದು, ಇಬ್ಬರೂ ಒಟ್ಟು ಎರಡರ ತನಕ ಕೇಳಬಹುದು, ಆದರೆ ಈಗ ಯಾರೂ ಕೇಳಿಲ್ಲ ಅಂದುಕೊಳ್ಳಿ. ಬ್ಯಾಂಕರ್ಸ್ "ಅನ್‌ಸೇಫ್" ಅನ್ನುತ್ತೆ. ನನ್ನ ಪಟ್ಟಿ ಇಬ್ಬರನ್ನೂ ಅಳಿಸುತ್ತೆ, ಯಾಕಂದರೆ ಈ ಕ್ಷಣದಲ್ಲಿ ಡೆಡ್‌ಲಾಕ್ ಇಲ್ಲ. ಎರಡೂ ಸರಿ, ಪ್ರಶ್ನೆ ಬೇರೆ ಬೇರೆ.

ಪಟ್ಟಿಯ ಮಿತಿಯೂ ಇದೇ. ಅಳಿಸುವಾಗ ನಾವು "ಇದು ಇನ್ನೇನೂ ಕೇಳದೆ ಮುಗಿಸುತ್ತೆ, ಹಿಡಿದದ್ದನ್ನು ಬಿಡುತ್ತೆ" ಅಂದುಕೊಳ್ಳುತ್ತೇವೆ. ಮುಂದಿನ ಕ್ಷಣ `P4` ಮತ್ತೇನಾದರೂ ಕೇಳಿದರೆ ಪಟ್ಟಿ ಹೊಸದಾಗಿ ಬರೆಯಬೇಕು. ಮೆಸೇಜ್ ಥರ ಒಬ್ಬರು ತಯಾರಿಸಿ ಇನ್ನೊಬ್ಬರು ಖರ್ಚು ಮಾಡುವ ರಿಸೋರ್ಸ್‌ಗಳಿಗೆ ಈ ಅಳಿಸೋದನ್ನು ಹೀಗೇ ಹಾಕಬೇಡಿ. ಅಲ್ಲಿ ಸರದಿ ಬದಲಾದರೆ ಉತ್ತರವೂ ಬದಲಾಗಬಹುದು, ನನ್ನ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.