ಎಸಿ ಕೋಣೆಯ ರಾತ್ರಿ ಲೆಕ್ಕ

ಮಂಗಳೂರಿನ ಏಪ್ರಿಲ್ ಸೆಕೆಗೆ ಕಿಟಕಿ, ಬಾಗಿಲು ಮುಚ್ಚಿ ಎಸಿ ಹಾಕಿ ಮಲಗುತ್ತಿದ್ದೆವು. ಬೆಳಿಗ್ಗೆ ಹೊರಗಿನಿಂದ ಕೋಣೆಗೆ ಬಂದವರಿಗೆ ಮುಗ್ಗಲು ವಾಸನೆ ಬಡಿಯುತ್ತಿತ್ತು, ಮಲಗೆದ್ದ ನಮಗೆ ಏನೂ ತಿಳಿಯುತ್ತಿರಲಿಲ್ಲ. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿನದನ್ನೇ ತಂಪು ಮಾಡಿ ಸುತ್ತಿಸುತ್ತದೆ. ನಮ್ಮ ಉಸಿರು ಎಷ್ಟು ಒಳಗೇ ಉಳಿಯುತ್ತಿದೆ ಎಂದು ತಿಳಿಯಲು ಕಾರ್ಬನ್ ಡೈಆಕ್ಸೈಡ್ ಮೀಟರ್ ತಂದೆ.

ಮೊದಲು ತಂದ ಅಗ್ಗದ ಮೀಟರಿನಲ್ಲಿ ಮೋಸಹೋದೆ. ಪಕ್ಕದಲ್ಲಿ ಸ್ಯಾನಿಟೈಸರ್ ಹಚ್ಚಿಕೊಂಡರೆ ಅದರ ಅಂಕಿ ಸಾವಿರ ಏರುತ್ತಿತ್ತು. ಅದು ಬೇರೆ ಆವಿಗಳನ್ನು ಅಳೆದು ಕಾರ್ಬನ್ ಡೈಆಕ್ಸೈಡನ್ನು ಊಹಿಸುವ ಸಾಧನ. ಎರಡನೆಯದು ಇನ್‌ಫ್ರಾರೆಡ್ ಸೆನ್ಸರಿನದು. ಬಾಲ್ಕನಿಯಲ್ಲಿ ಅರ್ಧ ಗಂಟೆ ಇಟ್ಟಾಗ 420 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು ತೋರಿಸಿತು, ಹೊರಗಾಳಿಗೆ ಅದು ಸರಿ. ದಿಂಬಿನ ಬಳಿ ಇಟ್ಟರೆ ನಮ್ಮ ಉಸಿರನ್ನೇ ಅಳೆಯುತ್ತದೆ. ಹಾಗಾಗಿ ಮಂಚದಿಂದ ಐದಡಿ ದೂರದ ಮೇಜಿನ ಮೇಲೆ, ಎಸಿ ಗಾಳಿ ನೇರ ತಾಗದಂತೆ ಇಟ್ಟೆ.

ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ, ಮಲಗುವವರು ಇಬ್ಬರು. ರಾತ್ರಿ 11ಕ್ಕೆ 650 ಇದ್ದದ್ದು 2ಕ್ಕೆ 1,850 ಆಯಿತು, ಬೆಳಿಗ್ಗೆ 6ಕ್ಕೆ 2,350. ಇಷ್ಟಕ್ಕೆ ಯಾರೂ ವಿಷವೇರಿ ಬೀಳುವುದಿಲ್ಲ, ಕೆಲಸದ ಸ್ಥಳದಲ್ಲಿ ಎಂಟು ಗಂಟೆಗೆ 5,000ದವರೆಗೂ ಮಿತಿಯಿದೆ. ಆದರೆ ನಮ್ಮ ಉಸಿರು ಹೊರಗೆ ಹೋಗದೆ ಉಳಿದಿದೆ ಎಂಬುದಕ್ಕೆ ಅದು ಗುರುತು.

ಎದ್ದ ಮೇಲೆ ಬಾಗಿಲು ಮುಚ್ಚಿ, ಎಸಿಯನ್ನು ಹಾಗೆಯೇ ಬಿಟ್ಟು ಹೊರಗೆ ಬಂದೆವು. 8 ಗಂಟೆಗೆ 1,385. ಹೊರಗಾಳಿಯ 420 ಕಳೆದರೆ 1,930 ಇದ್ದದ್ದು 965ಕ್ಕೆ, ಅಂದರೆ ಸರಿಯಾಗಿ ಅರ್ಧಕ್ಕೆ ಇಳಿದಿತ್ತು. 0.7 ಅನ್ನು ಅರ್ಧವಾಗಲು ಹಿಡಿದ ಗಂಟೆಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಪಾಲು ಹೊಸ ಗಾಳಿ ಬರುತ್ತದೆಂದು ಸಿಗುತ್ತದೆ: ನಮ್ಮದು 0.35. ಗಂಟೆಗೆ ಕೋಣೆಯ ಮೂರನೇ ಒಂದು ಪಾಲಿನಷ್ಟು ಮಾತ್ರ.

ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದ ರಾತ್ರಿ ಅಂಕಿ 700 ದಾಟಲಿಲ್ಲ. ಆದರೆ ಕಂಪ್ರೆಸರ್ ಒಮ್ಮೆಯೂ ನಿಲ್ಲಲಿಲ್ಲ, ಹಾಸಿಗೆ ಜಿಗುಟಾಯಿತು. "ರೀ, ಊರಿನ ಸೆಕೆಯನ್ನೆಲ್ಲ ಒಳಗೆ ಎಳೆದು ತಂಪು ಮಾಡುತ್ತೀರಾ?" ಎಂದಳು ಹೆಂಡತಿ. ಮಾತು ಸರಿಯೇ. ಫ್ಯಾನ್ ಬಿಟ್ಟು, ಸೊಳ್ಳೆ ಪರದೆಯಿರುವ ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದು, ಸ್ನಾನದ ಮನೆಯ ಬಾಗಿಲನ್ನು ಓರೆ ಮಾಡಿದೆ; ಅಲ್ಲಿನ ವೆಂಟಿಲೇಟರ್ ಗಾಳಿಗೆ ಎರಡನೆಯ ದಾರಿಯಾಯಿತು. ಬೆಳಿಗ್ಗೆ 1,100. ಗಾಳಿ ಪೂರ್ತಿ ನಿಂತ ರಾತ್ರಿ ಇದೇ ಸಂದಿಯಲ್ಲಿ 1,500 ಆದದ್ದೂ ಇದೆ. ಎಸಿ ಸ್ವಲ್ಪ ಹೆಚ್ಚು ಓಡುತ್ತದೆ, ಒಪ್ಪಿಕೊಂಡಿದ್ದೇವೆ.

ಒಂದು ಸಂಜೆ ಸೊಳ್ಳೆ ಬತ್ತಿ ಹಚ್ಚಿದಾಗ ಕಣ್ಣು ಉರಿಯುತ್ತಿತ್ತು, ಮೀಟರ್ ಮಾತ್ರ 800 ಎಂದು ನೆಮ್ಮದಿಯಾಗಿ ತೋರಿಸುತ್ತಿತ್ತು. ಹೊಗೆ ಅದಕ್ಕೆ ಕಾಣುವುದಿಲ್ಲ. ಬತ್ತಿಯನ್ನು ಬಾಲ್ಕನಿಗೆ ಹಾಕಿದೆ.