ಐದು ಪ್ಯಾರಾದ ಮೇಲ್ ಒಂದು ಪ್ರಶ್ನೆಗೆ ಇಳಿದದ್ದು

ಪೀಣ್ಯದಲ್ಲಿ ನಮ್ಮದು ಚಿಕ್ಕ ಘಟಕ. ಕಾರ್ಖಾನೆಗಳ ಏರ್ ಲೈನ್‌ಗಳಲ್ಲಿ ಅಂದರೆ ಕಂಪ್ರೆಸರ್ ಒತ್ತಿದ ಗಾಳಿಯನ್ನು ಮೆಷಿನ್ನುಗಳಿಗೆ ಒಯ್ಯುವ ಪೈಪುಗಳಲ್ಲಿ ಎಲ್ಲೆಲ್ಲಿ ಗಾಳಿ ಸೋರುತ್ತಿದೆ ಎಂದು ಅಲ್ಟ್ರಾಸಾನಿಕ್ ಡಿಟೆಕ್ಟರ್ ಹಿಡಿದು ಹುಡುಕಿ, ಟ್ಯಾಗ್ ಹಾಕಿ, ರಿಪೋರ್ಟ್ ಕೊಡುವುದು ನಮ್ಮ ಕೆಲಸ. ಪರಿಚಯವಿಲ್ಲದ ಮೇಂಟೆನೆನ್ಸ್ ಮ್ಯಾನೇಜರ್‌ಗಳಿಗೆ ಕಳಿಸಲು ನನ್ನ ಹತ್ತಿರ ಒಂದು ಮೇಲ್ ಇತ್ತು. ಇಂಗ್ಲಿಷಿನಲ್ಲಿ ಐದು ಪ್ಯಾರಾ. ನಾವು ಯಾರು, ಕಂಪ್ರೆಸರ್ ತಯಾರಿಸುವ ಗಾಳಿಯಲ್ಲಿ ಶೇ. 20ರಿಂದ 30ರಷ್ಟು ಸೋರಿಹೋಗುವುದು ಎಷ್ಟು ಸಾಮಾನ್ಯ, ನಮ್ಮ ವಿಧಾನ, ಹಳೆಯ ಗ್ರಾಹಕರು, ಕೊನೆಗೆ ಭೇಟಿಗೆ ಸಮಯ ಕೇಳಿಕೆ. ಕೆಳಗೆ ಸಹಿ, ಜೊತೆಗೆ ಬ್ರೋಷರ್. ಮೇಲ್ ಆಗಿ ಅದು ಕೆಟ್ಟದ್ದೇನಲ್ಲ, ಅದರಿಂದ ಕೆಲಸಗಳೂ ಸಿಕ್ಕಿವೆ.

ಅದನ್ನೇ ಕಾಪಿ ಮಾಡಿ ಲಿಂಕ್ಡ್‌ಇನ್ ಮೆಸೇಜಿಗೆ ಹಾಕಿದಾಗ ಒಬ್ಬರೂ ಉತ್ತರಿಸಲಿಲ್ಲ. ಆ ಮೆಸೇಜನ್ನು ಪಡೆಯುವವರು ಹೇಗೆ ನೋಡುತ್ತಾರೆ ಎಂದು ತಿಳಿಯಲು ನನ್ನ ಪಾಲುದಾರರಿಗೇ ಒಮ್ಮೆ ಕಳಿಸಿ ಅವರ ಫೋನ್ ತೆಗೆದುಕೊಂಡು ನೋಡಿದೆ. ನೋಟಿಫಿಕೇಶನ್‌ನಲ್ಲಿ ಕಂಡದ್ದು 'ಗೌರವಾನ್ವಿತ ಸರ್, ಈ ಮೂಲಕ ನಮ್ಮ ಸಂಸ್ಥೆಯನ್ನು' ಎನ್ನುವ ಅರ್ಥದ ಅರ್ಧ ಸಾಲು ಮಾತ್ರ. ಮೇಲ್‌ನಲ್ಲಿ ವಿಷಯ ಹೇಳಲು ಸಬ್ಜೆಕ್ಟ್ ಸಾಲು ಇರುತ್ತದೆ. ಮಾಮೂಲಿ ಲಿಂಕ್ಡ್‌ಇನ್ ಮೆಸೇಜಿನಲ್ಲಿ ಅದಿಲ್ಲ, ಮೊದಲ ಸಾಲೇ ಆ ಕೆಲಸ ಮಾಡಬೇಕು. ತೆರೆದ ಮೇಲೆ ಎರಡು ಮೂರು ಸಲ ಸ್ಕ್ರೋಲ್ ಮಾಡಿದರೂ ಮುಗಿಯದ ಒಂದೇ ಉದ್ದ ಗುಳ್ಳೆ. ಹೆಸರು, ಹುದ್ದೆ, ಫೋಟೋ ಮೇಲೆಯೇ ಇರುವಾಗ ಕೆಳಗೆ ಮತ್ತೆ ನಾಲ್ಕು ಸಾಲಿನ ಸಹಿ. ವೆಬ್‌ಸೈಟ್ ಲಿಂಕ್ ತಾನೇ ಚಿತ್ರದ ಸಮೇತ ಕಾರ್ಡ್ ಆಗಿ ಬಿಚ್ಚಿಕೊಂಡು ಮಾತಿಗಿಂತ ದೊಡ್ಡದಾಗಿ ಕೂತಿತ್ತು. ಎದುರಿಗೆ ಸಿಕ್ಕವರ ಹತ್ತಿರ ಯಾರೂ ಹೀಗೆ ಮಾತಾಡುವುದಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಒಂದೇ ಪ್ರಕರಣ ಇಟ್ಟುಕೊಂಡು ಹೇಳುತ್ತೇನೆ. ದಾಬಸ್‌ಪೇಟೆ ಕಡೆಯ ಒಂದು ಆಟೋ ಪಾರ್ಟ್ಸ್ ಕಾರ್ಖಾನೆಯ ಮೇಂಟೆನೆನ್ಸ್ ಹೆಡ್ ಅವರು. ಅವರ ಪ್ರೊಫೈಲ್‌ನಲ್ಲಿ ಆಯುಧ ಪೂಜೆಯ ಫೋಟೋಗಳಿದ್ದವು, ಕೆಳಗೆ ಕನ್ನಡದಲ್ಲೇ ಬರೆದಿದ್ದರು. ಒಂದರಲ್ಲಿ ಎರಡು ಸ್ಕ್ರೂ ಕಂಪ್ರೆಸರ್‌ಗಳಿಗೆ ಸೇವಂತಿಗೆ ಹಾರ, ಪ್ಯಾನೆಲ್ ಮೇಲೆ ಅರಿಶಿನ ಕುಂಕುಮ. ಅವರು ಕನ್ನಡದಲ್ಲಿ ಬರೆಯುವವರಾದ್ದರಿಂದ ನಾನೂ ಕನ್ನಡದಲ್ಲೇ ಬರೆಯಲು ನಿರ್ಧರಿಸಿದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಂಗ್ಲಿಷೇ ಸರಿ.

ಪರಿಚಯವಿಲ್ಲದವರಿಗೆ ಮೊದಲು ಕನೆಕ್ಷನ್ ರಿಕ್ವೆಸ್ಟ್ ಹೋಗಬೇಕು. ಅದರ ಜೊತೆ ಬರೆಯುವ ನೋಟ್‌ಗೆ ನನ್ನ ಉಚಿತ ಖಾತೆಯಲ್ಲಿ 200 ಅಕ್ಷರಗಳ ಮಿತಿ, ಹಣ ಕೊಟ್ಟ ಖಾತೆಗೆ 300. ಉಚಿತ ಖಾತೆಯವರಿಗೆ ತಿಂಗಳಿಗೆ ಸಿಗುವ ನೋಟ್‌ಗಳೂ ಕೆಲವೇ, ಹಾಗಾಗಿ ಆರಿಸಿ ಖರ್ಚು ಮಾಡಬೇಕು. ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ್ದು ಒಂದಿದೆ: ಗುಣಿತ, ಒತ್ತು, ಸೊನ್ನೆ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. 'ಕಂಪ್ರೆಸರ್' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಲೆಕ್ಕಕ್ಕೆ ಒಂಬತ್ತು. ನಾನು ಕಳಿಸಿದ್ದು ಇಷ್ಟು:

'ನಮಸ್ಕಾರ ಸರ್. ಆಯುಧ ಪೂಜೆಯ ಫೋಟೋದಲ್ಲಿ ನಿಮ್ಮ ಕಂಪ್ರೆಸರ್ ರೂಮ್ ನೋಡಿದೆ. ಪೀಣ್ಯದಲ್ಲಿ ಏರ್ ಲೀಕ್ ಹುಡುಕುವ ಕೆಲಸ ಮಾಡ್ತೀನಿ. ಪರಿಚಯ ಇರಲಿ ಅಂತ ರಿಕ್ವೆಸ್ಟ್ ಕಳಿಸ್ತಿದ್ದೀನಿ.'

ಖಾಲಿ ಜಾಗವೂ ಸೇರಿ 146. ಉಳಿದ 54ರಲ್ಲಿ 'ನಿಮ್ಮ ಕರೆಂಟ್ ಬಿಲ್ ಇಳಿಸಿಕೊಡ್ತೀವಿ' ಎಂದು ತುರುಕಬಹುದಿತ್ತು. ಬೇಡವೆಂದು ಬಿಟ್ಟೆ. ಆದರೆ ನನ್ನ ಕೆಲಸ ಏನೆಂಬುದನ್ನು ಮಾತ್ರ ಮುಚ್ಚಿಡಲಿಲ್ಲ. ಬರೀ ಪರಿಚಯ ಅಂತ ಒಳಗೆ ಬಂದು ಮರುದಿನವೇ ಮಾರಾಟಕ್ಕೆ ನಿಂತರೆ ಅವರಿಗೆ ಮೋಸ ಹೋದಂತೆ ಅನ್ನಿಸುತ್ತದೆ, ಅದು ನ್ಯಾಯವೂ ಹೌದು.

ಎರಡು ದಿನಕ್ಕೆ ಒಪ್ಪಿಕೊಂಡರು. ಆ ಕ್ಷಣಕ್ಕೇ ಮೆಸೇಜ್ ಕಳಿಸಿದರೆ ಯಂತ್ರವೇ ಕಳಿಸಿದ ಹಾಗೆ ಕಾಣುತ್ತದೆ, ಹಾಗಾಗಿ ಮರುದಿನ ಬೆಳಿಗ್ಗೆ ಬರೆದೆ. ಇಲ್ಲಿ ನಿಜವಾದ ಕೆಲಸ ಇದ್ದದ್ದು ಮೇಲ್‌ನ ಕೊನೆಯ ಸಾಲಿನಲ್ಲಿ. 'ಮುಂದಿನ ವಾರ 30 ನಿಮಿಷ ಕೊಡಬಹುದೇ' ಎಂಬ ಕೇಳಿಕೆಗೆ ಉತ್ತರಿಸಲು ಅವರು ಕ್ಯಾಲೆಂಡರ್ ನೋಡಬೇಕು, ಬಹುಶಃ ಮೇಲಿನವರನ್ನು ಕೇಳಬೇಕು. ಚಾಟ್‌ನಲ್ಲಿ ನಿಂತ ನಿಲುವಿನಲ್ಲೇ ಉತ್ತರಿಸುವಂಥದ್ದು ಬೇಕು, ಆದರೆ ಆ ಉತ್ತರದಿಂದ ನನ್ನ ವಿಷಯವೂ ಹೊರಬರಬೇಕು. ಯೋಚಿಸಿ ಐದು ಪ್ಯಾರಾಗಳನ್ನೂ ಬದಿಗಿಟ್ಟು ಇದನ್ನು ಬರೆದೆ:

'ರಿಕ್ವೆಸ್ಟ್ ಒಪ್ಪಿದ್ದಕ್ಕೆ ಥ್ಯಾಂಕ್ಸ್ ಸರ್. ಒಂದು ಕೇಳ್ಬೇಕಿತ್ತು, ಭಾನುವಾರ ಪ್ರೊಡಕ್ಷನ್ ಇಲ್ಲದಾಗ ಕಂಪ್ರೆಸರ್ ಆನ್ ಇದ್ದರೆ, ಲೋಡ್ ತಗೊಳ್ಳುತ್ತಾ?'

ಲೋಡ್ ಅಂದರೆ ಕಂಪ್ರೆಸರ್ ಗಾಳಿ ತುಂಬುವ ಹೊತ್ತು, ಅನ್‌ಲೋಡ್ ಅಂದರೆ ತುಂಬದೆ ಬರೀ ತಿರುಗುವ ಹೊತ್ತು. ಯಾವ ಮೆಷಿನ್ನೂ ಗಾಳಿ ಬಳಸದ ಹೊತ್ತಿನಲ್ಲಿ ಕಂಪ್ರೆಸರ್ ಲೋಡ್ ತೆಗೆದುಕೊಳ್ಳುತ್ತಿದೆ ಎಂದರೆ ಅದು ತುಂಬುತ್ತಿರುವುದು ಸೋರಿಕೆಯನ್ನೇ. ಇದು ಅವರಿಗೂ ಗೊತ್ತು. ಆದ್ದರಿಂದ ಪ್ರಶ್ನೆ ಅವರಿಗೆ ಪಾಠ ಹೇಳುವುದಿಲ್ಲ, ನೆನಪಿಸುತ್ತದೆ.

ಸಂಜೆ ಉತ್ತರ ಬಂತು: 'ತಗೊಳ್ಳುತ್ತೆ. ಯಾಕೆ?'

ಈ 'ಯಾಕೆ' ನೋಡಿ ಬ್ರೋಷರ್ ಕಳಿಸಿಬಿಡುವ ಆಸೆ ಬಂದದ್ದು ನಿಜ. ಆದರೆ ಅವರು ಬರೆದದ್ದು ಎರಡು ಪದ. ಅದಕ್ಕೆ ಇಪ್ಪತ್ತು ಸಾಲು ಕಳಿಸಿದರೆ ಮಾತುಕತೆ ಅಲ್ಲಿಗೇ ಮುಗಿಯುತ್ತದೆ. ಮೂರು ಸಾಲು ಬರೆದೆ: ಈ ಭಾನುವಾರ ಯಾರಾದರೂ ಇದ್ದರೆ ಹತ್ತು ಸಲದ ಲೋಡ್, ಅನ್‌ಲೋಡ್ ಸಮಯ ಬರೆದಿಟ್ಟುಕೊಳ್ಳಿ, ಲೋಡ್ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿ, ಬಂದದ್ದೇ ಸೋರಿಕೆಯ ಪಾಲು. ಇದಕ್ಕೆ ನಾನು ಬರಬೇಕಾಗಿಲ್ಲ ಎಂದೂ ಸೇರಿಸಿದೆ. ಇದೇ ಲೆಕ್ಕ ನನ್ನ ಮೇಲ್‌ನ ಮೂರನೇ ಪ್ಯಾರಾದಲ್ಲಿ 'ನಮ್ಮ ವಿಧಾನ' ಎಂಬ ಹೆಸರಿನಲ್ಲಿ ಅಡಗಿ ಕೂತಿತ್ತು. (ಕಂಪ್ಯೂಟರಿನಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ಮೆಸೇಜ್ ಪೆಟ್ಟಿಗೆಯಲ್ಲಿ Press Enter to Send ಎಂಬ ಆಯ್ಕೆ ಇದೆ. ಅದು ಆನ್ ಆಗಿದ್ದರೆ ಸಾಲು ಮುರಿಯಲು ಹೋದಾಗ ಅರ್ಧ ಮಾತು ಹೊರಟುಹೋಗುತ್ತದೆ. ನನಗೆ ಎರಡು ಸಲ ಹಾಗಾಗಿದೆ.)

ನಂತರ ಒಂಬತ್ತು ದಿನ ಸದ್ದಿಲ್ಲ. ಮೇಲ್ ಆಗಿದ್ದರೆ ಮೂರನೇ ದಿನವೇ ಜ್ಞಾಪಿಸುತ್ತಿದ್ದೆ, ಅಲ್ಲಿ ಹಳೆಯದು ಇನ್‌ಬಾಕ್ಸ್‌ನ ಅಡಿಗೆ ಹೋಗಿರುತ್ತದೆ. ಚಾಟ್‌ನಲ್ಲಿ ಹಾಗಲ್ಲ. ಉತ್ತರ ಸಿಗದ ಮೆಸೇಜುಗಳು ಒಂದರ ಕೆಳಗೊಂದು ಕಣ್ಣೆದುರೇ ನಿಲ್ಲುತ್ತವೆ, ಮೂರನೆಯದು ಬರುವ ಹೊತ್ತಿಗೆ ಸಾಲ ಕೇಳಲು ಬಂದವರ ಹಾಗೆ ಕಾಣಿಸುತ್ತೇವೆ. ನಾನು ಒಂದೇ ಸಲ ಜ್ಞಾಪಿಸುತ್ತೇನೆ, ಅದೂ ಹೊಸದೇನಾದರೂ ಹೇಳುವುದಿದ್ದರೆ ಮಾತ್ರ. ರಿಕ್ವೆಸ್ಟನ್ನೇ ಒಪ್ಪದವರದ್ದು ಬೇರೆ ಲೆಕ್ಕ. ಅಲ್ಲಿ ವಾಪಸ್ ತೆಗೆದುಕೊಂಡು ಮತ್ತೆ ಕಳಿಸಲು ಹೋದರೆ ಮೂರು ವಾರದವರೆಗೂ ಕಾಯಬೇಕಾಗುತ್ತದೆ, ಹಾಗಾಗಿ ಅವಸರಪಟ್ಟು ವಾಪಸ್ ಪಡೆಯುವುದರಲ್ಲಿ ಲಾಭವಿಲ್ಲ.

ಹತ್ತನೇ ದಿನ ಅವರೇ ಬರೆದರು. ಹತ್ತು ಸಲದ ಸರಾಸರಿ: ಒಂದೂವರೆ ನಿಮಿಷ ಲೋಡ್, ನಾಲ್ಕೂವರೆ ನಿಮಿಷ ಅನ್‌ಲೋಡ್. ಆರು ನಿಮಿಷದಲ್ಲಿ ಒಂದೂವರೆ, ಅಂದರೆ ಶೇ. 25. 'ಇದು ಜಾಸ್ತಿ ಅಲ್ವಾ?' ಎಂದು ಕೇಳಿದ್ದರು. ಜಾಸ್ತಿಯೇ ಸರ್, ಆದರೆ ಹುಡುಕಿ ರಿಪೇರಿ ಮಾಡಬಹುದಾದದ್ದು ಎಂದೆ. ಆಗ ಮೊದಲ ಬಾರಿಗೆ, ಬಂದು ನೋಡಲೇ ಎಂದು ಕೇಳಿದೆ.

ಉತ್ತರವಾಗಿ ತಮ್ಮ ಆಫೀಸಿನ ಮೇಲ್ ಐಡಿ ಕೊಟ್ಟು, 'ಡೀಟೇಲ್ಸ್ ಇದಕ್ಕೆ ಹಾಕಿ, ಪರ್ಚೇಸ್‌ಗೆ ಫಾರ್ವರ್ಡ್ ಮಾಡ್ಬೇಕು' ಎಂದರು. ಆ ಐದು ಪ್ಯಾರಾದ ಮೇಲ್, ಸಹಿ, ಬ್ರೋಷರ್ ಎಲ್ಲವನ್ನೂ ಅವತ್ತು ಕಳಿಸಿದೆ. ಸಬ್ಜೆಕ್ಟ್ ಸಾಲು ಮಾತ್ರ ಬದಲಾಯಿಸಿದೆ: 'ನಿಮ್ಮ ಭಾನುವಾರದ ಶೇ. 25 ಲೀಕ್ ಬಗ್ಗೆ'.